ಕಳಿಸಿದ ಕೊಟೇಶನ್‌ನಲ್ಲಿ ಲೆಕ್ಕ ತಪ್ಪಿದೆಯಾ? ಮೊದಲು ಫೋನ್ ಮಾಡಿ

[ತೆರೆಯಲ್ಲಿ: ಅಡಿಕೆ ಅಂಗಳ, ಮೇಲೆ ಶೀಟಿನ ಮಾಡು]

ನಮಸ್ಕಾರ. ಶಿವಮೊಗ್ಗದಲ್ಲಿ ನನ್ನದು ಫ್ಯಾಬ್ರಿಕೇಶನ್ ಕೆಲಸ. ತೀರ್ಥಹಳ್ಳಿ ಕಡೆಯ ಗೌಡರೊಬ್ಬರ ಅಡಿಕೆ ಅಂಗಳಕ್ಕೆ ಶೀಟ್ ಹಾಕಲು ಕೊಟೇಶನ್ ಕಳಿಸಿದ್ದೆ. 40 ಅಡಿ ಉದ್ದ, 30 ಅಡಿ ಅಗಲ, ಒಟ್ಟು 1200 ಚದರ ಅಡಿ. ಅಡಿಗೆ 200 ರೂಪಾಯಿಯಂತೆ 2,40,000, ಜಿಎಸ್‌ಟಿ ಬೇರೆ.

ಮಾರನೇ ದಿನ ಶೀಟ್ ಅಂಗಡಿಯವರು "ಉದ್ದ ಎಷ್ಟು ಅಡಿ ಬೇಕು?" ಅಂದಾಗ ಎದೆ ಧಸಕ್ಕೆಂದಿತು. ನಾನು ಅಳೆದದ್ದು ನೆಲವನ್ನು, ಮಾಡನ್ನಲ್ಲ.

[ತೆರೆಯಲ್ಲಿ: ಇಳಿಜಾರಿನ ಚಿತ್ರ, 15, 8, 17]

ನಮ್ಮ ಮಳೆಗೆ ಇಳಿಜಾರು ಜಾಸ್ತಿ ಬೇಕು, ಅಲ್ವಾ? ಇಲ್ಲಿ ನಡು 8 ಅಡಿ ಎತ್ತರ, ಒಂದೊಂದು ಬದಿಗೆ ನೆಲದಲ್ಲಿ 15 ಅಡಿ, ಹಾಗಾಗಿ ಇಳಿಜಾರಿನ ಮೇಲೆ ಅಳೆದರೆ 17. ಎರಡೂ ಬದಿ ಸೇರಿ 34, ಇಂಟು 40, ಅಂದರೆ 1360 ಚದರ ಅಡಿ. ಮೊತ್ತ 2,72,000. ನಾನು 32,000 ಕಡಿಮೆ ಬರೆದಿದ್ದೆ.

ಗೌಡರು ಅದೇ ಕಾಗದ ಹಿಡಿದು ಸೊಸೈಟಿಗೆ ಸಾಲ ಕೇಳಲು ಹೊರಟಿದ್ದರು. ಸಾಲ 2,40,000ಕ್ಕೇ ಮಂಜೂರಾಗಿಬಿಟ್ಟರೆ ಉಳಿದದ್ದನ್ನು ಅವರು ಎಲ್ಲಿಂದ ತರಬೇಕು?

ತಕ್ಷಣ ವಾಟ್ಸಾಪ್ ಹಾಕಿದೆ. ಒಂದೇ ಟಿಕ್. ಅವರ ಮನೆ ಇರುವುದು ಕಣಿವೆಯಲ್ಲಿ, ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್. ಒಂದು ಟಿಕ್ ಅಂದರೆ ಮೆಸೇಜ್ ಅವರ ಫೋನಿಗೆ ಇನ್ನೂ ಮುಟ್ಟಿಲ್ಲ. 1872ರ ಕರಾರು ಕಾಯ್ದೆಯೂ ಇದನ್ನೇ ನೋಡುತ್ತದೆ: ಕೊಟ್ಟ ಪ್ರಸ್ತಾಪವನ್ನು ಅವರು ಒಪ್ಪಿಗೆ ಕಳಿಸುವ ಮೊದಲು ಹಿಂಪಡೆಯಬಹುದು, ಆದರೆ ಹಿಂಪಡೆದ ಸಂಗತಿ ಅವರಿಗೆ ತಿಳಿಯಬೇಕು. ನೀವು ಕಳಿಸಿದಿರಿ ಅಂದರೆ ಸಾಲದು. ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಮಾಡಿ ಅವರನ್ನು ಕರೆಸಿದೆ.

"ಗೌಡ್ರೇ, ಕೊಟೇಶನ್‌ನಲ್ಲಿ ನನ್ನಿಂದ ಲೆಕ್ಕ ತಪ್ಪಾಗಿದೆ. 32,000 ಜಾಸ್ತಿ ಆಗ್ತದೆ, ಜಿಎಸ್‌ಟಿ ಬೇರೆ. ಸೊಸೈಟಿಗೆ ಕೊಟ್ಟಿದ್ದೀರಾ?"

"ಇಲ್ಲ ಮಾರಾಯ, ನಾಳೆ ಹೋಗೋದಿತ್ತು."

ಈ ಪ್ರಶ್ನೆ ಕೇಳಲೇಬೇಕು. ಕೊಟ್ಟಾಗಿದ್ದರೆ ಸೀಲ್ ಹಾಕಿದ ಹೊಸ ಪ್ರತಿ ಅಲ್ಲಿಗೂ ಹೋಗಬೇಕಾಗುತ್ತದೆ.

ಆಮೇಲೆ ಹೊಸ ಕಾಗದ. ಹಳೇ ನಂಬರೇ ಇಟ್ಟು ಮುಂದೆ R1, ಅಂದರೆ ಮೊದಲ ತಿದ್ದುಪಡಿ, ಅಂತ ಸೇರಿಸಿದೆ, ಹೊಸ ತಾರೀಖು ಹಾಕಿದೆ. ಮೇಲುಗಡೆಯೇ ಹೀಗೆ ಬರೆದೆ: "ಹಿಂದಿನ ಕೊಟೇಶನ್ ರದ್ದು. ಮಾಡಿನ ಅಳತೆ 1200 ಚದರ ಅಡಿ ಎಂದಿದ್ದುದು 1360. ದರದಲ್ಲಿ ಬದಲಾವಣೆ ಇಲ್ಲ." ಇದೇ ಸಂದು ಅಂತ ಬೇರೆ ದರ ಏರಿಸಬೇಡಿ, ತಿದ್ದುಪಡಿಯ ಮೇಲೇ ಅನುಮಾನ ಬರುತ್ತದೆ. ಹಳೇ ಹೆಸರಿನಲ್ಲೇ ಸುಮ್ನೆ ಹೊಸ ಫೈಲ್ ಕಳಿಸುವುದೂ ಬೇಡ. ಯಾವುದು ಸರಿ ಅಂತ ಆರು ತಿಂಗಳ ನಂತರ ಇಬ್ಬರಿಗೂ ಗೊತ್ತಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಹಳೆಯದನ್ನು ಅಳಿಸಿದರೂ ಅವರು ತೆಗೆಸಿಟ್ಟ ಪ್ರಿಂಟ್ ಅಳಿಯುವುದಿಲ್ಲ.

ಗೌಡರು ಮೊದಲೇ "ಆಯ್ತು, ಮಾಡಿ" ಅಂದು ಅಡ್ವಾನ್ಸ್ ಕೊಟ್ಟಿದ್ದರೆ? ಆಗ ನಾನೊಬ್ಬನೇ ಮೊತ್ತ ಬದಲಿಸುವಂತಿಲ್ಲ. ಎದುರು ಕೂತು ಅಳತೆ ತೋರಿಸಿ ಕೇಳಬೇಕು. ಅವರು ಒಪ್ಪದಿದ್ದರೆ ನಷ್ಟ ನನ್ನದೇ ಆಗಬಹುದು.

ಸಂಜೆ ಗುಡ್ಡದ ಮೇಲಿಂದ ಅವರ ಉತ್ತರ ಬಂತು: "R1 ಸಿಕ್ಕಿತು. ಹಳೇದು ಹರಿದೆ."