ಒಗೆದ ಟವೆಲ್ಲು ಒದ್ದೆಯಾದ ಕೂಡಲೇ ಯಾಕೆ ನಾರುತ್ತದೆ

ಹಿಂದೆ ಕೇಳುತ್ತಿರುವ ಸದ್ದು ಮಳೆಯದ್ದು. ಆಟಿ ತಿಂಗಳು, ಪೆರ್ಲದ ಹತ್ತಿರದ ನಮ್ಮ ಮನೆ, ಬಿಸಿಲು ಕಂಡು ತುಂಬ ದಿನ ಆಯಿತು. ಈಗ ನಾನು ಮೂಸುತ್ತಿರುವುದು ಒಗೆದು ಒಣಗಿಸಿ ಮಡಚಿಟ್ಟ ಟರ್ಕಿ ಟವೆಲ್ಲು. ಒಳ್ಳೆ ಸೋಪಿನ ಪರಿಮಳವೇ ಇದೆ. ಈಗ ಒಂದು ಮೂಲೆಯನ್ನು ಬಿಸಿನೀರಲ್ಲಿ ಅದ್ದಿ, ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿ. ಮುಖ ನೋಡಿದಿರಲ್ಲ? ಹುಳಿ ಹುಳಿ, ನೆಲ ಒರೆಸುವ ಬಟ್ಟೆಯ ನಾತ. ಟವೆಲ್ಲನ್ನು ಯಾವತ್ತೂ ಒದ್ದೆ ಮಾಡಿಯೇ ಪರೀಕ್ಷೆ ಮಾಡಬೇಕು. ಒಣಗಿದ್ದಾಗ ಅದು ಸುಳ್ಳು ಹೇಳುತ್ತದೆ.

ಇದು ಬೆವರಿನ ವಾಸನೆ ಅಲ್ಲ, ಸೋಪು ಕಮ್ಮಿ ಆದದ್ದೂ ಅಲ್ಲ. 2012ರಲ್ಲಿ ಜಪಾನಿನ ಸಂಶೋಧಕರು ಇಂಥ ನಾರುವ ಬಟ್ಟೆಗಳನ್ನೇ ಪರೀಕ್ಷೆ ಮಾಡಿ ಮುಖ್ಯ ಕಾರಣವನ್ನು ಹಿಡಿದರು. ಮೊರಾಕ್ಸೆಲ್ಲಾ ಒಸ್ಲೊಯೆನ್ಸಿಸ್ ಅಂತ ಒಂದು ಬ್ಯಾಕ್ಟೀರಿಯಾ. ನಮ್ಮ ಮೈಯಲ್ಲೇ ಇರುವಂಥದ್ದು, ಆರೋಗ್ಯವಾಗಿರುವವರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಮೈ ಒರೆಸುವಾಗ ಚರ್ಮದ ಎಣ್ಣೆ, ಸತ್ತ ಚರ್ಮದ ಪುಡಿ ಎಲ್ಲ ಟವೆಲ್ಲಿಗೆ ಹೋಗುತ್ತದಲ್ಲ, ಅದೇ ಇದಕ್ಕೆ ಊಟ. ತಿಂದು ಒಂದು ಆಮ್ಲ ಬಿಡುತ್ತದೆ, ಆ ಆಮ್ಲದ ನಾತವೇ ಈಗ ಮೂಸಿದ್ದು. ಟರ್ಕಿ ಟವೆಲ್ಲಿನ ಮೈತುಂಬ ನೂಲಿನ ಕುಣಿಕೆಗಳು, ಕುಣಿಕೆಯ ಬುಡದಲ್ಲಿ ನೀರು ನಿಲ್ಲುತ್ತದೆ, ಎಣ್ಣೆಯೂ ನಿಲ್ಲುತ್ತದೆ. ತಣ್ಣೀರಲ್ಲಿ ಒಗೆದರೆ ಮೇಲಿನದು ಹೋಗುತ್ತದೆ, ಬುಡದ್ದು ಅಲ್ಲೇ.

ಇನ್ನೊಂದು, ಅಮ್ಮನಿಗೆ ಇದು ಇಷ್ಟ ಆಗಲಿಲ್ಲ. "ಒಂದು ದಿನ ಒಳ್ಳೆ ಬಿಸಿಲು ಬರಲಿ, ಎಲ್ಲ ಸರಿಯಾಗುತ್ತದೆ" ಅಂತ ಅಮ್ಮ. ಆದರೆ ಈ ಬ್ಯಾಕ್ಟೀರಿಯಾ ಒಣಗಿದರೂ ತಾಳಿಕೊಳ್ಳುತ್ತದೆ, ಬಿಸಿಲಿನ ನೇರಳಾತೀತ ಕಿರಣವನ್ನೂ ಸುಮಾರಾಗಿ ತಾಳಿಕೊಳ್ಳುತ್ತದೆ ಅಂತ ಆ ಜಪಾನಿನವರೇ ಕಂಡುಕೊಂಡಿದ್ದಾರೆ. ಬಿಸಿಲು ಬೇಗ ಒಣಗಿಸುತ್ತದೆ, ಅದು ದೊಡ್ಡ ಉಪಕಾರ. ಆದರೆ ಒಮ್ಮೆ ಹಿಡಿದ ನಾತ ಬಿಸಿಲಿಗೆ ಹಾಕಿದ್ದರಿಂದ ಮಾತ್ರ ಹೋಗುತ್ತದೆ ಅಂತ ನಂಬಬೇಡಿ.

ಬಿಸಿ ಬೇಕು. ಅರವತ್ತು ಡಿಗ್ರಿ. ಅದಕ್ಕೇ ಮೆಷಿನಿಗೆ ಹಾಕಿದೆ, ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಅರವತ್ತರ ಸೈಕಲ್ಲು ಎರಡು ಗಂಟೆಗಿಂತ ಜಾಸ್ತಿ ಓಡುತ್ತದೆ. ಈ ಮಳೆಗೆ ಎರಡು ಗಂಟೆ ಕರೆಂಟು ನಿಲ್ಲುತ್ತದಾ ಮಾರಾಯ್ರೆ? ಮಧ್ಯದಲ್ಲಿ ಢಬ್ ಅಂತ ಹೋಯಿತು. ಮುಂದೆ ಬಾಗಿಲಿರುವ ಮೆಷಿನು, ಒಳಗೆ ನೀರು, ಬಾಗಿಲು ಲಾಕು. ಟವೆಲ್ಲು ಗಾಜಿನ ಹಿಂದೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕತ್ತಲಾಗುವವರೆಗೆ ಕರೆಂಟು ಬರಲಿಲ್ಲ. ಕೆಳಗೆ ಒಂದು ಸಣ್ಣ ಮುಚ್ಚಳ ಇರುತ್ತದೆ, ಅದರೊಳಗೆ ಫಿಲ್ಟರು, ಪಕ್ಕದಲ್ಲಿ ಬೆರಳಿನಷ್ಟು ಉದ್ದದ ಪೈಪು. ಅದರ ಬಿರಡೆ ತೆಗೆದರೆ ನೀರು ಬರುತ್ತದೆ, ಆದರೆ ಪೈಪು ನೆಲಕ್ಕೆ ತಾಗುವಷ್ಟು ಕೆಳಗೆ, ಯಾವ ಪಾತ್ರೆಯೂ ಅಡಿಗೆ ಹೋಗುವುದಿಲ್ಲ. ಊಟದ ಬಟ್ಟಲು ಇಟ್ಟು, ತುಂಬಿದ ಕೂಡಲೇ ಬಿರಡೆ ಹಾಕಿ, ಚೆಲ್ಲಿ, ಮತ್ತೆ ಇಟ್ಟು. ಟಾರ್ಚ್ ಹಿಡಿದವಳು ತಂಗಿ, ನಗುತ್ತಿರುವುದೂ ಅವಳೇ. ಕೊನೆಗೂ ಬಾಗಿಲು ತೆಗೆಯಲಿಲ್ಲ, ಲಾಕು ಬಿಡಬೇಕಾದರೂ ಅದಕ್ಕೆ ಕರೆಂಟು ಬೇಕಂತೆ. ಮುಚ್ಚಿದ ಡ್ರಮ್ಮು, ಉಗುರುಬೆಚ್ಚಗಿನ ಒದ್ದೆ ಟವೆಲ್ಲು, ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆ ಬೆಡ್‌ರೂಮು ಸಿಗಲಿಕ್ಕಿಲ್ಲ.

ಆದ್ದರಿಂದ ಬಕೆಟು. ಆ ದಿನದವರೆಗೆ ನಾನು ಮೆಷಿನಿನ ಪರವಾಗಿ ತುಂಬ ಮಾತಾಡುತ್ತಿದ್ದೆ, ಈಗ ಮಳೆಗಾಲದಲ್ಲಿ ಬಕೆಟಿನ ಪಕ್ಷ.

ಈ ಬಿಳಿ ಪುಡಿ ಆಕ್ಸಿಜನ್ ಬ್ಲೀಚು. ಪ್ಯಾಕೆಟಿನಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಅಂತ ಇರಬೇಕು. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡೂ ವಾಷಿಂಗ್ ಸೋಡಾವೂ ಆಗುತ್ತದೆ. ಪೆರಾಕ್ಸೈಡು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸೋಡಾ ಎಣ್ಣೆಯನ್ನು ಬಿಡಿಸುತ್ತದೆ. ತಣ್ಣೀರಲ್ಲಿ ಇದು ತುಂಬ ನಿಧಾನ. ಥರ್ಮಾಮೀಟರ್ ಬೇಡ: ಐದು ಲೀಟರು ಬಾವಿ ನೀರು ಮೊದಲು, ಮೇಲಿಂದ ಐದು ಲೀಟರು ಕೊತಕೊತ ಕುದಿಯುವ ನೀರು, ಸರಿಯಾಗಿ ಅರವತ್ತರ ಹತ್ತಿರ ಬರುತ್ತದೆ. ಬಚ್ಚಲ ಹಂಡೆಯ ನೀರು ಸಾಕಲ್ವಾ ಅಂದರೆ, ಅದು ಕೈ ಸುಟ್ಟರೂ ಕುದಿಯುವುದಿಲ್ಲ, ಬೆರೆಸಿದರೆ ಉಗುರುಬೆಚ್ಚಗೆ ಆಗುತ್ತದೆ. ಹಂಡೆಯದ್ದೇ ಆದರೆ ತಣ್ಣೀರು ತುಂಬ ಕಮ್ಮಿ ಹಾಕಿ. ಪುಡಿ ಎರಡು ಮೂರು ದೊಡ್ಡ ಚಮಚ. ಟವೆಲ್ಲು ಪೂರ್ತಿ ಮುಳುಗಬೇಕು, ಕೋಲಲ್ಲಿ ಒತ್ತಿ, ಕೈ ಹಾಕಬೇಡಿ. ನೀರು ತಣ್ಣಗಾಗುವವರೆಗೆ ಬಿಟ್ಟು ಮಾಮೂಲಿಯಾಗಿ ಒಗೆಯಿರಿ. ನೀರಿನ ಬಣ್ಣ ಕಂಡಿತಾ? ಇದು ಒಗೆದು ಮಡಚಿಟ್ಟ ಟವೆಲ್ಲು, ನೆನಪಿರಲಿ. ಗಾಢ ಬಣ್ಣದ್ದಾದರೆ ಮೊದಲು ಒಂದು ಮೂಲೆಯಲ್ಲಿ ನೋಡಿ. ಉಳಿದ ದ್ರಾವಣವನ್ನು ಬಾಟಲಿಗೆ ಹಾಕಿ ಮುಚ್ಚಿಡಬೇಡಿ, ಗ್ಯಾಸ್ ಬಂದು ಒಡೆಯುತ್ತದೆ.

ಒಗೆದ ಕೊನೆಗೆ ಹಾಕುವ ಆ ಪರಿಮಳದ ದ್ರವ, ಫ್ಯಾಬ್ರಿಕ್ ಕಂಡಿಷನರು, ಟವೆಲ್ಲಿಗೆ ಬೇಡವೇ ಬೇಡ. ನೂಲಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ, ನೀರು ಹೀರುವುದು ಕಮ್ಮಿಯಾಗುತ್ತದೆ. ಹಣ ಕೊಟ್ಟು ಟವೆಲ್ಲನ್ನು ಹಾಳು ಮಾಡುವುದು ಯಾಕೆ?

ಈಗ ಒಣಗಿಸುವುದು. ಇದು ಸರಿಯಾಗದಿದ್ದರೆ ಮೇಲಿನದ್ದೆಲ್ಲ ನೀರಲ್ಲಿ ಹೋಮ. ಅಡುಗೆಮನೆಯ ತಕ್ಕಡಿ ತಂದಿದ್ದೇನೆ, ಅಮ್ಮ ಬೈದಳು. ಈ ಟವೆಲ್ಲಿನ ಒಣ ತೂಕ 560 ಗ್ರಾಂ, ಬೇಸಿಗೆಯಲ್ಲಿ ತೂಗಿ ಬರೆದಿಟ್ಟದ್ದು. ಒಗೆದು ಸ್ಪಿನ್ ಆದ ಮೇಲೆ 900ರ ಹತ್ತಿರ. ಅಂದರೆ ಹಿಂಡಿದ ಮೇಲೂ ಮೂರು ಲೋಟದಷ್ಟು... ಅಲ್ಲ, ಸಣ್ಣ ಲೋಟ ಆದರೆ ಮೂರು, ನಮ್ಮ ಮನೆಯದ್ದಾದರೆ ಒಂದೂವರೆ ಲೋಟ ನೀರು ಒಳಗೇ ಇದೆ. ಅದಕ್ಕೇ ಇನ್ನೊಮ್ಮೆ ಬರೀ ಸ್ಪಿನ್ ಕೊಡುತ್ತೇನೆ. ಮಳೆಗಾಲದ ಗಾಳಿಗೆ ಬಿಡುವ ಬದಲು ಮೆಷಿನಿನಲ್ಲೇ ತೆಗೆದಷ್ಟೂ ಲಾಭ.

ಕೊಕ್ಕೆಗೆ ಸಿಕ್ಕಿಸಬೇಡಿ. ಕೊಕ್ಕೆಯಲ್ಲಿ ನಾಲ್ಕು ಮಡಿಕೆ ಒಟ್ಟಿಗೆ ನಿಲ್ಲುತ್ತದೆ, ನಡುವೆ ಮರುದಿನ ಸ್ನಾನಕ್ಕೆ ಹೋಗುವಾಗಲೂ ಒದ್ದೆ. ಸ್ನಾನದ ನಂತರವೂ ಅಷ್ಟೇ, ಬಚ್ಚಲಿನಿಂದ ಹೊರಗೆ ತಂದು ಪೂರ್ತಿ ಬಿಡಿಸಿ ಹಾಕಬೇಕು. ಸರಿಗೆಯ ಮೇಲೆ ಅರ್ಧಕ್ಕೆ ಬಿಟ್ಟರೆ ಎರಡು ಪದರ ಅಂಟಿಕೊಳ್ಳುತ್ತದೆ, ಆದ್ದರಿಂದ ಎರಡು ಸರಿಗೆಯ ಮೇಲೆ ಗುಡಾರದ ಹಾಗೆ ಹಾಕಿದ್ದೇನೆ, ಕೆಳಗಿಂದ ಟೇಬಲ್ ಫ್ಯಾನು. ಸೀಲಿಂಗ್ ಫ್ಯಾನು ಪಕ್ಕದಿಂದ ತಾಗುವುದಿಲ್ಲ, ಒಂದೇ ಕಡೆ ಒಣಗುತ್ತದೆ. ಬಾಗಿಲು ಮುಚ್ಚಬೇಡಿ, ಟವೆಲ್ಲಿಂದ ಹೊರಟ ನೀರು ಕೋಣೆಯಲ್ಲೇ ಸುತ್ತುತ್ತದೆ.

ಸಂಜೆ ತೂಗಿದಾಗ 595. 560ಕ್ಕೆ ಇಳಿಯುವುದಿಲ್ಲ, ಕಾಯಬೇಡಿ. ಹತ್ತಿ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ, ಈ ಮಳೆಯಲ್ಲಿ ಮೂವತ್ತು ನಲವತ್ತು ಗ್ರಾಂ ಜಾಸ್ತಿಯೇ ಇರುತ್ತದೆ. ಗಂಟೆ ಬಿಟ್ಟು ಮತ್ತೆ ತೂಗಿದರೂ ಅಷ್ಟೇ ಇದ್ದರೆ ಒಣಗಿತು ಅಂತ ಲೆಕ್ಕ.

ಅಪ್ಪನ ಬೈರಾಸು ಆಗಲೇ ಒಣಗಿ ಗಾಳಿಗೆ ಹಾರುತ್ತಿದೆ, ಕಾಣುತ್ತದಾ? ಅದರಲ್ಲಿ ಕುಣಿಕೆಯೇ ಇಲ್ಲ. ಮಳೆಗಾಲಕ್ಕೆ ಟರ್ಕಿ ಟವೆಲ್ಲೇ ಬೇಡ ಅಂತ ಹೇಳಿಬಿಡೋಣ ಅಂದುಕೊಂಡೆ, ಆದರೆ ತಲೆಕೂದಲಿಗೆ ಬೈರಾಸು ನನಗೆ ಸಾಲುವುದಿಲ್ಲ. ಸರಿ, ಅಂಗಳದಲ್ಲಿ ಹಾರ್ನ್ ಆಯಿತು, ಗ್ಯಾಸಿನವರು ಬಂದರು, ಇದನ್ನು ಇಲ್ಲಿಗೇ ನಿಲ್ಲಿಸುತ್ತೇನೆ.