ಸ್ಪ್ಯಾನಿಷ್‌ನಲ್ಲಿ ‘ಎಲ್ಲರೂ’ ಅನ್ನೋಕೆ ಯಾಕಿಷ್ಟು ಜಗಳ?

ನಮಸ್ಕಾರ. ಅನುವಾದದ ಕೆಲಸ ಮಾಡೋ ನಮ್ಮ ವೀಕ್ಷಕರೊಬ್ಬರು ಕೇಳಿದ್ರು: “ಸ್ಪ್ಯಾನಿಷ್‌ನಲ್ಲಿ ಎಲ್ಲರಿಗೂ ಸ್ವಾಗತ ಅಂತ ಬರೆಯೋಕೂ ಸರ್ಕಾರ, ಅಕಾಡೆಮಿ ಎಲ್ಲಾ ಜಗಳ ಆಡ್ತಾರಂತೆ, ನಿಜಾನಾ?” ನಿಜ. ಬರೆಯೋರ ಮೇಜಿನ ಕಡೆಯಿಂದಲೇ ಈ ಜಗಳ ನೋಡೋಣ.

ಮೂಲಪಾಠ ಬೇಗ ಮುಗಿಸಿಬಿಡ್ತೀನಿ. ಕನ್ನಡದಲ್ಲಿ ‘ನಾನು ದಣಿದಿದ್ದೇನೆ’ ಅಂತ ಗಂಡಸು ಹೇಳಿದ್ರೂ ಅಷ್ಟೇ, ಹೆಂಗಸು ಹೇಳಿದ್ರೂ ಅಷ್ಟೇ. ಸ್ಪ್ಯಾನಿಷ್‌ನಲ್ಲಿ ಗಂಡಸು ‘ಕಾನ್ಸಾದೋ’ ಅಂತಾನೆ, ಹೆಂಗಸು ‘ಕಾನ್ಸಾದಾ’ ಅಂತಾಳೆ. ನಾಮಪದದ ಲಿಂಗ ಇಂಜಿನ್ ಇದ್ದ ಹಾಗೆ. ಅದು ಹೋದ ಕಡೆ ಮೊದಲು ಬರೋ ‘ಲೋಸ್’, ‘ಲಾಸ್’ ಥರದ ಆರ್ಟಿಕಲ್, ವಿಶೇಷಣ, ಸರ್ವನಾಮ ಅನ್ನೋ ಬೋಗಿಗಳೆಲ್ಲ ಹೋಗ್ಲೇಬೇಕು. ಗಂಡು ಹೆಣ್ಣು ಬೆರೆತ ಗುಂಪಿಗೆ ವ್ಯಾಕರಣ ಪುಲ್ಲಿಂಗವನ್ನೇ ಕೊಡುತ್ತೆ. ತೊಂಬತ್ತೊಂಬತ್ತು ಹುಡುಗಿಯರ ಜೊತೆ ಒಬ್ಬ ಹುಡುಗ ಬಂದ್ರೂ ‘ಲೋಸ್ ಅಲುಮ್ನೋಸ್’, ಅಂದ್ರೆ ಪುಲ್ಲಿಂಗದ ‘ವಿದ್ಯಾರ್ಥಿಗಳು’.

ಈಗ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಇರಬಹುದಾದ ಒಂದು ವಾಕ್ಯ ತಗೊಳ್ಳೋಣ.

[ಪರದೆಯಲ್ಲಿ: ಲೋಸ್ ಅಲುಮ್ನೋಸ್ ಇಂತೆರೆಸಾದೋಸ್ ದೆಬೆನ್ ಬೆನಿರ್ ಅಕೊಂಪಾನ್ಯಾದೋಸ್ ದೆ ಸುಸ್ ಪಾದ್ರೆಸ್]

‘ಆಸಕ್ತ ವಿದ್ಯಾರ್ಥಿಗಳು ತಂದೆತಾಯಿಯರ ಜೊತೆ ಬರಬೇಕು.’ ಒಂಬತ್ತು ಪದ. ಇದರಲ್ಲಿ ಹುಡುಗಿಯರೂ ಕಾಣಬೇಕು ಅಂದ್ರೆ ಹಳೇ ದಾರಿ ಜೋಡಿ ಹಾಕೋದು: ಅಲುಮ್ನೋಸ್ ಮತ್ತು ಅಲುಮ್ನಾಸ್. ಜೋಡಿ ಅಲ್ಲಿಗೇ ನಿಲ್ಲಲ್ಲ. ಆಸಕ್ತರು ಮತ್ತು ಆಸಕ್ತೆಯರು, ‘ಜೊತೆಯಾಗಿ’ ಅನ್ನೋ ಪದದ ಎರಡೂ ರೂಪ, ಆಮೇಲೆ ತಂದೆಯರು ಮತ್ತು ತಾಯಂದಿರು. ಎಣಿಸಿ ನೋಡಿದ್ರೆ ಸರಿಯಾಗಿ ಹದಿನೆಂಟು ಪದ. ನೋಟಿಸ್ ಬೋರ್ಡು ಚಿಕ್ಕದಿದ್ರೆ ಕಷ್ಟ.

ಜೋಡಿ ಹಾಕೋದರ ಮಹಾಕಾವ್ಯ ನೋಡಬೇಕು ಅಂದ್ರೆ ವೆನೆಜುವೆಲಾದ 1999ರ ಸಂವಿಧಾನ ತೆಗೀರಿ, 41ನೇ ವಿಧಿ. ಹುಟ್ಟಿನಿಂದ ವೆನೆಜುವೆಲಾದವರಾಗಿದ್ದು, ಬೇರೆ ದೇಶದ ಪೌರತ್ವ ಇಲ್ಲದವರು ಮಾತ್ರ ಯಾವ ಯಾವ ಹುದ್ದೆಗೆ ಬರಬಹುದು ಅನ್ನೋದು ವಿಷಯ. ನಾನು ಕೆಲವು ಹುದ್ದೆಗಳ ಹೆಸರಷ್ಟೇ ಒಂದೇ ಉಸಿರಲ್ಲಿ ಓದ್ತೀನಿ, ನೀವು ಗಡಿಯಾರ ನೋಡ್ತಿರಿ. “ಪ್ರೆಸಿದೆಂತೆ ಓ ಪ್ರೆಸಿದೆಂತಾ, ಬೀಸೆಪ್ರೆಸಿದೆಂತೆ ಎಖೆಕುತೀಬೋ ಓ ಬೀಸೆಪ್ರೆಸಿದೆಂತಾ ಎಖೆಕುತೀಬಾ, ಮಹಿಸ್ತ್ರಾದೋಸ್ ಓ ಮಹಿಸ್ತ್ರಾದಾಸ್, ಪ್ರೊಕುರಾದೋರ್ ಓ ಪ್ರೊಕುರಾದೋರಾ, ಕೊಂತ್ರಲೋರ್ ಓ ಕೊಂತ್ರಲೋರಾ...” ಸಾಕಪ್ಪ! ಮಂತ್ರಿ, ರಾಜ್ಯಪಾಲರು, ಗಡಿ ಊರಿನ ಮೇಯರ್ ಇನ್ನೂ ಬಂದೇ ಇಲ್ಲ. ನನಗೆ ಇಷ್ಟವಾದ ಜಾಗ ಇದರ ನಡುವೆಯೇ ಇದೆ. ಅಟಾರ್ನಿ ಜನರಲ್, ಅಂದ್ರೆ ‘ಫಿಸ್ಕಾಲ್ ಹೆನೆರಾಲ್’, ಒಂದೇ ಸಲ ಬರುತ್ತೆ. ಆ ಪದ ಎರಡೂ ಲಿಂಗಕ್ಕೆ ಒಂದೇ ಆಗಿರೋದ್ರಿಂದ ಜೋಡಿ ಬೇಕಾಗಿಲ್ಲ. ಅಷ್ಟು ದೊಡ್ಡ ಪಟ್ಟಿಯಲ್ಲಿ ಓದುಗರಿಗೆ ಉಸಿರು ಬಿಡೋಕೆ ಸಿಗೋ ಜಾಗ ಅದೊಂದೇ ಅಂತ ನನ್ನ ಅಭಿಪ್ರಾಯ.

ಸ್ಪೇನಿನ ಭಾಷಾ ಅಕಾಡೆಮಿ, ಅಂದ್ರೆ ರಿಯಲ್ ಅಕಾದೆಮಿಯಾ ಎಸ್ಪಾನ್ಯೋಲಾ, ಇಂಥದ್ದನ್ನೇ ಬೊಟ್ಟು ಮಾಡಿ ತೋರಿಸುತ್ತೆ. 2012ರಲ್ಲಿ ಅದರ ಸದಸ್ಯ ಇಗ್ನಾಸಿಯೋ ಬೋಸ್ಕೆ ಬರೆದ ವರದಿಯ ವಾದ ಏನಂದ್ರೆ, ಗುಂಪಿಗೆ ಬಳಸೋ ಪುಲ್ಲಿಂಗದಲ್ಲಿ ಹೆಂಗಸರೂ ಸೇರಿದ್ದಾರೆ, ಅದು ವ್ಯಾಕರಣದ ಲಿಂಗವೇ ಹೊರತು ಮನುಷ್ಯರದ್ದಲ್ಲ. ಸ್ಪೇನಿನ ಸಂವಿಧಾನವನ್ನ ಎಲ್ಲರನ್ನೂ ಒಳಗೊಳ್ಳುವ ಭಾಷೆಗೆ ತರಬಹುದಾ ಅಂತ ಸರ್ಕಾರ ಕೇಳಿದಾಗಲೂ 2020ರಲ್ಲಿ ಹೆಚ್ಚುಕಮ್ಮಿ ಅದೇ ಉತ್ತರ. ಎದುರು ಕಡೆಯವರ ಪ್ರಶ್ನೆಯೂ ಸರಳ: “ವ್ಯಾಕರಣದ ಪ್ರಕಾರ ಸೇರಿರಬಹುದು, ಆದ್ರೆ ಓದುವಾಗ ಮನಸ್ಸಿನಲ್ಲಿ ಯಾರ ಚಿತ್ರ ಬರುತ್ತೆ?” ಇಬ್ಬರ ಮಾತಲ್ಲೂ ಹುರುಳಿದೆ. ಆದ್ರೆ ಸಂಪಾದಕರು ಇವರಿಬ್ಬರ ತೀರ್ಪಿಗೆ ಕಾಯುತ್ತಾ ಕೂರಬೇಕಾಗಿಲ್ಲ. ನಮ್ಮ ನೋಟಿಸನ್ನ ಹೀಗೆ ಬರೆದ್ರೆ?

[ಪರದೆಯಲ್ಲಿ: ಕಿಯೆನೆಸ್ ತೆಂಗಾನ್ ಇಂತೆರೆಸ್ ದೆಬೆನ್ ಬೆನಿರ್ ಕೋನ್ ಸು ಫಮಿಲಿಯಾ]

‘ಆಸಕ್ತಿ ಇರೋರು ಮನೆಯವರ ಜೊತೆ ಬರಬೇಕು.’ ಎಂಟೇ ಪದ, ಮೂಲಕ್ಕಿಂತ ಒಂದು ಕಮ್ಮಿ. ಬರೋರು ಗಂಡೋ ಹೆಣ್ಣೋ ಅಂತ ಎಲ್ಲೂ ಇಲ್ಲ, ಅಕಾಡೆಮಿಗೂ ತಕರಾರಿಲ್ಲ. ಇಲ್ಲೊಂದು ತಿದ್ದುಪಡಿ ಆಗಿದೆ ಅಂತ ಯಾರಿಗೂ ಗೊತ್ತೇ ಆಗಲ್ಲ. ಆ್ಯಪ್‌ಗಳಲ್ಲಿ ‘ಸ್ವಾಗತ’ ಅನ್ನೋ ಪುಲ್ಲಿಂಗದ ‘ಬಿಯೆನ್ವೆನೀದೋ’ ಕೂಡ ಇದೇ ಥರ ‘ತೆ ದಾಮೋಸ್ ಲಾ ಬಿಯೆನ್ವೆನೀದಾ’, ಅಂದ್ರೆ ‘ನಿಮಗೆ ಸ್ವಾಗತ ಕೋರುತ್ತೇವೆ’ ಆಗುತ್ತೆ. ಹಾಗಂತ ಇದು ಪುಕ್ಕಟೆ ಅಲ್ಲ. ನೋಟಿಸಿನಿಂದ ‘ವಿದ್ಯಾರ್ಥಿ’ ಅನ್ನೋ ಪದವೇ ಹೋಯ್ತು ನೋಡಿ. ಮೇಷ್ಟ್ರಿಗೂ ಆಸಕ್ತಿ ಇದ್ರೆ ಅವರೂ ಮನೆಯವರನ್ನ ಕರ್ಕೊಂಡು ಬರಬೇಕಾ? ಆ ಪದ ಬೇಕೇ ಬೇಕು ಅಂದ್ರೆ ‘ಅಲುಮ್ನಾದೋ’, ಅಂದ್ರೆ ವಿದ್ಯಾರ್ಥಿವೃಂದ ಅಂತ ಹಾಕಬಹುದು. ಆದ್ರೆ ಅದು ಸಮೂಹವಾಚಕ. ‘ಮೂವರು’ ಅಂತಲೋ ‘ಪ್ರತಿಯೊಬ್ಬ’ ಅಂತಲೋ ಬರೋ ವಾಕ್ಯದಲ್ಲಿ ಅದು ಕೂರಲ್ಲ.

ಈಗ ನಿಜವಾದ ಬೆಂಕಿಗೆ ಬರೋಣ: ‘ಎ’ ಅಕ್ಷರ, ಅಂದ್ರೆ ಇಂಗ್ಲಿಷಿನ e. ‘ಎಲ್ಲರೂ’ ಅನ್ನೋಕೆ ತೋದೋಸ್ ಅಲ್ಲ, ತೋದಾಸ್ ಅಲ್ಲ, ತೋದೆಸ್. ಅವನು ‘ಎಲ್’, ಅವಳು ‘ಎಯ್ಯಾ’, ಇವೆರಡೂ ಅಲ್ಲದವರಿಗೆ ‘ಎಯ್ಯೆ’. 2018ರಲ್ಲಿ ಅರ್ಜೆಂಟೀನಾದಲ್ಲಿ ಗರ್ಭಪಾತದ ಕಾನೂನಿನ ಚರ್ಚೆ ಜೋರಾಗಿದ್ದಾಗ ಹೋರಾಟದ ವಿದ್ಯಾರ್ಥಿಗಳ ಬಾಯಲ್ಲಿ ಇದು ಟೀವಿಗೂ ಬಂತು. 2020ರ ಅಕ್ಟೋಬರ್‌ನಲ್ಲಿ ಅಕಾಡೆಮಿ ತನ್ನ ಜಾಲತಾಣದ ಹೊಸ ಪದಗಳ ವಿಭಾಗದಲ್ಲಿ ‘ಎಯ್ಯೆ’ಗೆ ಒಂದು ವಿವರಣೆ ಹಾಕಿ, ಗದ್ದಲ ಎದ್ದಿದ್ದೇ ತಡ ಕೆಲವೇ ದಿನಗಳಲ್ಲಿ ತೆಗೆದುಹಾಕಿತು. 2022ರಲ್ಲಿ ಬ್ಯೂನಸ್ ಐರಿಸ್ ನಗರ ಸರ್ಕಾರ ಶಾಲೆಗಳಲ್ಲಿ ‘ಎ’, x, @ ಬಳಸೋ ಹಾಗಿಲ್ಲ ಅಂತು. 2024ರಲ್ಲಿ ಅರ್ಜೆಂಟೀನಾದ ರಾಷ್ಟ್ರೀಯ ಸರ್ಕಾರ ತನ್ನ ಕಚೇರಿಗಳಿಗೂ ಅದನ್ನೇ ವಿಧಿಸಿತು.

ರಾಜಕೀಯ ಪಕ್ಕಕ್ಕಿಡಿ, ಕಾಗುಣಿತದ ತಾಪತ್ರಯ ನೋಡಿ. ಗೆಳೆಯ ‘ಅಮೀಗೋ’. ಕೊನೆಗೆ ಸುಮ್ಮನೆ ‘ಎ’ ಹಾಕಿದ್ರೆ ಓದೋರು ‘ಅಮೀಹೆ’ ಅಂತಾರೆ, ಹಾಗಾಗಿ ನಡುವೆ ಒಂದು ‘ಯು’ ಅಕ್ಷರ ತುರುಕಬೇಕು. ಹೊಸಬ ‘ನ್ವೆಬೋ’. ಅವನನ್ನ ‘ಎ’ ಮಾಡಿದ್ರೆ ‘ನ್ವೆಬೆ’, ಅಂದ್ರೆ ಒಂಬತ್ತು! ಬಹುವಚನದ ‘ಲೋಸ್’, ‘ಲಾಸ್’ ಬದಲು ‘ಲೆಸ್’ ಹಾಕೋಣ ಅಂದ್ರೆ, ‘ಅವರಿಗೆ’ ಅನ್ನೋಕೆ ಅದು ಮೊದಲಿಂದಲೇ ಚಾಲ್ತಿಯಲ್ಲಿದೆ. ಇದ್ಯಾವುದೂ ಪರಿಹಾರ ಇಲ್ಲದ ತೊಡಕಲ್ಲ, ಸಂದರ್ಭದಿಂದ ಅರ್ಥವಾಗುತ್ತೆ. ಕರಡು ತಿದ್ದೋರಿಗೆ ಗೊತ್ತಿರಬೇಕು, ಅಷ್ಟೇ.

ಹಾಗಾದ್ರೆ ಅನುವಾದಕರು ಯಾವುದನ್ನ ಹಿಡೀಬೇಕು? ಮೂಲದಲ್ಲಿ ಬರೆದವರು ‘ಎಲ್ಲರೂ’ ಅಂತಿದ್ದಾರಾ, ಇಲ್ಲಾ ‘ಗಂಡೂ ಅಲ್ಲ ಹೆಣ್ಣೂ ಅಲ್ಲದ ಈ ಒಬ್ಬ ವ್ಯಕ್ತಿ’ ಅಂತಿದ್ದಾರಾ, ಅದನ್ನ ಮೊದಲು ನೋಡಿ. ಎಲ್ಲರೂ ಅಂತಿದ್ರೆ ‘ಕಿಯೆನೆಸ್’ ದಾರಿ ಸಾಕು. ಅದೇ ಇಂಗ್ಲಿಷ್ ಕಾದಂಬರಿಯ ಪಾತ್ರವೊಂದು ತನ್ನನ್ನ ‘ಹೀ’, ‘ಶೀ’ ಅನ್ನದೆ ‘ದೇ’ ಅಂತಲೇ ಕರೀರಿ ಅಂದಿದ್ರೆ, ಪುಸ್ತಕದ ಉದ್ದಕ್ಕೂ ಲಿಂಗ ತಪ್ಪಿಸಿ ಬರೆಯೋ ಜಾಣತನ ಆ ಪಾತ್ರವನ್ನೇ ಅಳಿಸಿಬಿಡುತ್ತೆ. ಅಲ್ಲಿ ‘ಎಯ್ಯೆ ಎಸ್ತಾ ಕಾನ್ಸಾದೆ’ ಅಂತ ಧೈರ್ಯವಾಗಿ ಬರೀಬೇಕು ಅಂತ ನಾನಂತೂ ಹೇಳ್ತೀನಿ.

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಿಗೆ. tod@s, todxs ಪೋಸ್ಟರ್‌ಗೆ ನಡೆಯುತ್ತೆ, ಬಾಯಲ್ಲಿ ಹೇಳೋಕಾಗಲ್ಲ, ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಇಲ್ಲಿ ತಡವರಿಸುತ್ತೆ. alumno/a ಥರ ಓರೆಗೆರೆ ಹಾಕಿದ ರೂಪ ಅರ್ಜಿ ಫಾರಂಗೆ ಸರಿ, ಕಥೆಗೆ ಬೇಡ. ಸ್ಪ್ಯಾನಿಷ್‌ನಲ್ಲಿ ಕರ್ತೃಪದ ಬಿಟ್ಟುಹೋಗೋದೇ ಹೆಚ್ಚಾದ್ದರಿಂದ, ನೀವು ತಿದ್ದಿದ ವಾಕ್ಯದ ಮೂರು ಸಾಲು ಆಚೆ ಒಂದು ಒಂಟಿ ಪುಲ್ಲಿಂಗ ವಿಶೇಷಣ ಅಡಗಿ ಕೂತಿರುತ್ತೆ. ಕಡತದಲ್ಲಿ ado, ido ಅಂತ ಹುಡುಕಿ, ಬಹುತೇಕ ಸಿಕ್ಕಿಬೀಳುತ್ತೆ. ‘ಎ’ ಬಳಸೋದಾದ್ರೆ ನಿಮ್ಮ ರೂಪಗಳ ಪಟ್ಟಿಯನ್ನ ಒಂದು ಹಾಳೆಯಲ್ಲಿ ಬರೆದು ಹಸ್ತಪ್ರತಿ ಜೊತೆಗೇ ಪ್ರಕಾಶಕರಿಗೆ ಕಳಿಸಿ. ಇಲ್ಲಾಂದ್ರೆ ಕರಡು ನೋಡೋರು ಅಚ್ಚಿನ ದೋಷ ಅಂದ್ಕೊಂಡು ಅರ್ಧ ಪುಸ್ತಕದಲ್ಲಿ ‘ಕಾನ್ಸಾದೆ’ಯನ್ನ ‘ಕಾನ್ಸಾದೋ’ ಮಾಡಿರ್ತಾರೆ, ಉಳಿದರ್ಧದಲ್ಲಿ ಅವರ ಕಣ್ಣಿಗೆ ಬಿದ್ದಿರಲ್ಲ.