ಹನ್ನೊಂದನೇ ಬೆಡ್ಡಿನ ಗೊರಕೆ

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಇನ್ನು ಸ್ವಲ್ಪ ದಿನದಲ್ಲಿ ನೈಟ್ ಡ್ಯೂಟಿ ಶುರು ಮಾಡುವವರು. ಅದಕ್ಕೇ ಇವತ್ತು ಪಾಠ ಬೇಡ, ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಡೆದದ್ದು ಇದೇ ಹಾವೇರಿ ಜಿಲ್ಲೆಯಲ್ಲಿ. ಆಸ್ಪತ್ರೆಯ ಹೆಸರು ಬೇಡ.

ಹನ್ನೊಂದನೇ ಬೆಡ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಹಮಾಲಿ ಮಾಡಿದವರು. ಬೀಡಿ ಸೇದಿ ಸೇದಿ ಬಲಗೈಯ ಎರಡು ಬೆರಳು ಕಂದು ಬಣ್ಣಕ್ಕೆ ತಿರುಗಿದ್ದವು. ಡಾಕ್ಟರು ಕೇಸ್ ಶೀಟಿನಲ್ಲಿ ಸಿಒಪಿಡಿ ಅಂತ ಬರೆದಿದ್ದರು, ಮನೆಯವರು ದಮ್ಮು ಅನ್ನುತ್ತಿದ್ದರು. ಎರಡು ದಿನದ ಹಿಂದೆ ರಾತ್ರಿ ಏದುಸಿರು ಬಿಡುತ್ತಾ ಬಂದು ಅಡ್ಮಿಟ್ ಆಗಿದ್ದರು.

ನಾನು ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದೆ. ಸಂಜೆ ಪಾಳಿಯ ಸಿಸ್ಟರ್ ಹ್ಯಾಂಡೋವರ್ ಕೊಟ್ಟರು. 'ಸಂಜೆಯಿಂದ ಅಜ್ಜ ಬಹಳ ಗಲಾಟೆ ಮಾಡಿದ್ರು, ತಲೆನೋವು ಅಂತಿದ್ರು, ಮಾಸ್ಕ್ ಕಿತ್ತು ಕಿತ್ತು ಎಸೀತಿದ್ರು. ಆಕ್ಸಿಜನ್ ಜಾಸ್ತಿ ಮಾಡಿದೀನಿ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಕೇಳಿ ಏಳೂವರೆಗೆ ಅಲ್ಪ್ರಾಜೋಲಾಮ್ 0.5 ಮಿ.ಗ್ರಾಂ ಕೊಟ್ಟಿದೀನಿ. ಈಗ ಆರಾಮ ಮಲಗಿದಾರೆ.' ನನಗೂ ಸಮಾಧಾನವಾಯಿತು. ಅವತ್ತು ವಾರ್ಡಿನಲ್ಲಿ ಮೂವತ್ತು ಜನ, ನಾನು ಒಬ್ಬಳೇ.

ಹತ್ತು ಗಂಟೆಗೆ ರೌಂಡ್ ಹೋದೆ. ಬೆರಳಿಗೆ ಆಕ್ಸಿಮೀಟರ್ ಹಾಕಿದೆ, 98 ಬಂತು. ಬರೆದುಕೊಂಡು ಮುಂದಿನ ಬೆಡ್ಡಿಗೆ ಹೋದೆ. ಆಗ ಅಲ್ಲಿ ಒಂದು ನಿಮಿಷ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಹನ್ನೊಂದೂವರೆಗೆ ಪಕ್ಕದ ಬೆಡ್ಡಿನ ಡ್ರಿಪ್ ಬದಲಿಸುತ್ತಿದ್ದೆ. ಅಜ್ಜನ ಗೊರಕೆ ಕೇಳುತ್ತಿತ್ತು. ಆದರೆ ಅದಕ್ಕೊಂದು ಲಯ ಇರಲಿಲ್ಲ. ಗಂಟಲು ಒದ್ದೆಯಾದ ಹಾಗೆ ಎರಡು ಸಲ ಕೊರ್ ಅನ್ನುವುದು, ಆಮೇಲೆ ಏನೂ ಇಲ್ಲ, ಮತ್ತೆ ಒಂದು ಸಲ. ತಿರುಗಿ ನೋಡಿದೆ. ಅವರ ಕಣ್ಣಿನ ರೆಪ್ಪೆಯ ಮೇಲೆ ಒಂದು ಸೊಳ್ಳೆ ಕೂತಿತ್ತು. ಹೊಟ್ಟೆ ಕೆಂಪಗಾಗುವವರೆಗೆ ಕೂತಿತ್ತು. ನಿದ್ದೆಯಲ್ಲಿದ್ದರೂ ಮನುಷ್ಯ ಮುಖದ ಮೇಲಿನ ಸೊಳ್ಳೆಗೆ ಸಾಮಾನ್ಯವಾಗಿ ಒಮ್ಮೆಯಾದರೂ ಮುಖ ಸಿಂಡರಿಸುತ್ತಾನೆ, ಅಲ್ವಾ? ಅಜ್ಜ ಅಲುಗಲಿಲ್ಲ.

'ಅಜ್ಜಾ' ಅಂತ ಕರೆದೆ. ಇಲ್ಲ. ಭುಜ ಹಿಡಿದು ಅಲುಗಿಸಿದೆ. ಆಗ ಕೆಳಗೆ ಚಾಪೆ ಹಾಸಿಕೊಂಡಿದ್ದ ಅಜ್ಜಿ ಎದ್ದರು. 'ಸಿಸ್ಟರ್ರ, ಎರಡ ದಿನಾ ಆದಮ್ಯಾಲೆ ಇವತ್ತ ನಿದ್ದಿ ಹತ್ತೈತಿ, ಎಬ್ಬಿಸಬ್ಯಾಡ್ರಿ' ಅಂತ ಕೈ ಮುಗಿದರು. ಮಲಗಿದವರನ್ನು ಎಬ್ಬಿಸಲು ನಮಗೆ ನಿಜವಾಗಿಯೂ ಮನಸ್ಸು ಬರುವುದಿಲ್ಲ. ಆದರೂ ಭುಜದ ಮೇಲಿನ ಮಾಂಸಖಂಡವನ್ನು ಗಟ್ಟಿಯಾಗಿ ಚಿವುಟಿದೆ. ಕಣ್ಣು ಅರ್ಧ ತೆರೆದರು, 'ಏನ' ಅನ್ನುವುದಕ್ಕೆ ಹೋದರು, ಆ ಒಂದು ಮಾತು ಮುಗಿಯುವ ಮೊದಲೇ ಮತ್ತೆ ಮುಚ್ಚಿದರು. ನಿದ್ದೆ ಮಾಡುವವರು ಎಬ್ಬಿಸಿದರೆ ಬೈಯುತ್ತಾರೆ, ಎದ್ದು ಕೂರುತ್ತಾರೆ, ಟೈಮ್ ಎಷ್ಟು ಅಂತ ಕೇಳುತ್ತಾರೆ. ಇದು ನಿದ್ದೆಯಾಗಿರಲಿಲ್ಲ.

ಹೊಟ್ಟೆಯ ಮೇಲೆ ಅಂಗೈ ಇಟ್ಟು ವಾಚ್ ನೋಡುತ್ತಾ ಉಸಿರು ಎಣಿಸಿದೆ. ಪೂರ್ತಿ ಒಂದು ನಿಮಿಷ ಎಣಿಸಿ, ದಯವಿಟ್ಟು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಂಥ ಕಡೆ ನಡೆಯುವುದಿಲ್ಲ, ಯಾಕೆಂದರೆ ಉಸಿರು ನಿಂತು ನಿಂತು ಬರುತ್ತಿರುತ್ತದೆ. ಒಂಬತ್ತು ಬಂತು. ಆರೋಗ್ಯವಂತ ದೊಡ್ಡವರಿಗೆ 12ರಿಂದ 20 ಇರುತ್ತದೆ. ಈ ಅಜ್ಜನಿಗೆ ಬೆಳಿಗ್ಗೆ 28 ಇತ್ತು. ದಮ್ಮಿನವರ ಉಸಿರು 28ರಿಂದ ಒಂಬತ್ತಕ್ಕೆ ಇಳಿದರೆ ಅದು ಗುಣವಾದ ಲಕ್ಷಣ ಅಲ್ಲ. ಕೈ ಮುಟ್ಟಿದೆ, ಬೆಚ್ಚಗಿತ್ತು, ನಾಡಿ ಜೋರಾಗಿ ಕುಟ್ಟುತ್ತಿತ್ತು, ಹಣೆಯಲ್ಲಿ ಬೆವರು. ಆಕ್ಸಿಮೀಟರ್ ಮಾತ್ರ ಇನ್ನೂ 98 ಅನ್ನುತ್ತಲೇ ಇತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ 98 ನನಗೆ ಮೋಸ ಮಾಡಿತ್ತು. ಆಕ್ಸಿಮೀಟರ್ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು, ಉಸಿರಾಟದಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಿದೆಯಾ ಅಂತ ಹೇಳುವುದಿಲ್ಲ. ಮಾಸ್ಕಿನಲ್ಲಿ ಆಕ್ಸಿಜನ್ ಧಾರಾಳವಾಗಿ ಹೋಗುತ್ತಿದ್ದರೆ, ಮನುಷ್ಯ ನಿಮಿಷಕ್ಕೆ ಒಂಬತ್ತೇ ಸಲ ಉಸಿರಾಡಿದರೂ ಆ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಅದು ಏರಿದರೆ ಮೊದಲು ತಲೆನೋವು, ಚಡಪಡಿಕೆ, ಸಿಟ್ಟು. ಆಮೇಲೆ ಮಂಪರು. ಸಂಜೆ ಅಜ್ಜ ಮಾಸ್ಕ್ ಕಿತ್ತು ಎಸೆದದ್ದು ಹಟಕ್ಕಲ್ಲ, ಅದೇ ಶುರುವಾಗಿತ್ತು. ನಾವು ಅದಕ್ಕೆ ನಿದ್ದೆ ಗುಳಿಗೆ ಕೊಟ್ಟೆವು. ಗುಳಿಗೆ ಉಸಿರನ್ನು ಇನ್ನಷ್ಟು ನಿಧಾನ ಮಾಡಿತು.

ಫ್ಲೋಮೀಟರ್ ನೋಡಿದರೆ ಗುಂಡು ಎಂಟು ಲೀಟರಿನಲ್ಲಿ ನಿಂತಿತ್ತು. ಇಂಥ ರೋಗಿಗಳಿಗೆ ಸ್ಯಾಚುರೇಷನ್ 88ರಿಂದ 92 ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ರಕ್ತ ಶ್ವಾಸಕೋಶದ ಕೆಟ್ಟುಹೋದ ಭಾಗಗಳ ಕಡೆಗೂ ಹರಿದು, ಕಾರ್ಬನ್ ಡೈಆಕ್ಸೈಡ್ ಹೊರಬೀಳದೆ ಉಳಿಯುತ್ತದೆ. ಹಾಗಂತ ಗಾಬರಿಯಾಗಿ ಆಕ್ಸಿಜನ್ ಒಮ್ಮೆಲೇ ಬಂದ್ ಮಾಡಬೇಡಿ. ಹಾಗೆ ಮಾಡಿದರೆ ಸ್ಯಾಚುರೇಷನ್ ಮೊದಲಿಗಿಂತಲೂ ಕೆಳಗೆ ಬೀಳುತ್ತದೆ, ಅದೂ ಪ್ರಾಣಕ್ಕೇ ಕುತ್ತು.

ವಾರ್ಡ್ ಆಯಾಗೆ ಡ್ಯೂಟಿ ಡಾಕ್ಟರನ್ನು ಕರೆಯಲು ಹೇಳಿದೆ. ತಲೆಯ ಕಡೆ ಬೆಡ್ ಎತ್ತರಿಸಿದೆ, ಗದ್ದ ಮೇಲೆತ್ತಿ ಹಿಡಿದೆ, ಗೊರಕೆ ನಿಂತಿತು. ಅಂದರೆ ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಅರ್ಧ ಮುಚ್ಚಿತ್ತು. ಅಂಬು ಬ್ಯಾಗ್ ತರಿಸಿ ಪಕ್ಕದಲ್ಲಿಟ್ಟುಕೊಂಡೆ. ಸಕ್ಕರೆ ನೋಡಿದೆ, 132, ಸರಿ ಇತ್ತು. 'ಅಜ್ಜಾ, ಉಸಿರು ತಗೋರಿ' ಅಂತ ಕರೆಯುತ್ತಲೇ ಇದ್ದೆ. ಕರೆದಾಗಲೆಲ್ಲ ಒಂದು ಉಸಿರು ಎಳೆಯುತ್ತಿದ್ದರು, ಬಿಟ್ಟರೆ ಮರೆತ ಹಾಗೆ ಮಾಡುತ್ತಿದ್ದರು.

ಡಾಕ್ಟರ್ ಬಂದು ಆಕ್ಸಿಜನ್ ಅಳತೆಯಲ್ಲಿ ಕೊಡುವ ವೆಂಚುರಿ ಮಾಸ್ಕ್ ಹಾಕಿಸಿದರು, ಎಬಿಜಿಗೆ ರಕ್ತ ತೆಗೆದರು. ಕಾರ್ಬನ್ ಡೈಆಕ್ಸೈಡ್ 84 ಬಂತು, ಇರಬೇಕಾದ್ದು 35ರಿಂದ 45. ರಕ್ತದ ಪಿಎಚ್ 7.22. ಐಸಿಯುಗೆ ಒಯ್ದು, ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿಗೆ ನೆರವಾಗುವ ಬೈಪ್ಯಾಪ್ ಹಾಕಿದರು.

ಆದರೆ ಡಾಕ್ಟರಿಗೆ ಒಂದು ಅನುಮಾನ ಉಳಿದಿತ್ತು. ಅರ್ಧ ಮಿಲಿಗ್ರಾಂ ಗುಳಿಗೆಗೆ ಇಷ್ಟು ಮಂಪರಾ ಅಂತ. ಅಜ್ಜಿಯ ಹತ್ತಿರ ಕೂತು ಕೇಳಿದೆ. ಅವರು ಚೀಲದಿಂದ, ರೊಟ್ಟಿ ಕಟ್ಟಿದ್ದ ಬಟ್ಟೆಯ ಅಡಿಯಿಂದ ಒಂದು ಸ್ಟ್ರಿಪ್ ತೆಗೆದರು. ಅದೂ ಅಲ್ಪ್ರಾಜೋಲಾಮ್ 0.5. 'ಆರು ವರ್ಷದಿಂದ ದಿನಾ ರಾತ್ರಿ ತಗೋತಾರ್ರಿ. ನೀವು ಕೊಟ್ಟಿದ್ದು ದಮ್ಮಿನ ಗುಳಿಗಿ ಅಂತ ತಿಳಕೊಂಡಿದ್ದೆ. ಎಂಟೂವರಿಗೆ ಊಟ ಆದಮ್ಯಾಲೆ ನಾನೂ ಇದನ್ನ ಕೊಟ್ಟೆ.' ಒಂದು ಗಂಟೆಯ ಅಂತರದಲ್ಲಿ ಎರಡು ಗುಳಿಗೆ. ತಕ್ಷಣ ಐಸಿಯುಗೆ ಫೋನ್ ಮಾಡಿ ಹೇಳಿದೆ. ಈ ಗುಳಿಗೆಯ ಪ್ರಭಾವ ಇಳಿಸುವ ಫ್ಲುಮಾಜೆನಿಲ್ ಇಂಜೆಕ್ಷನ್ ಕೊಡಬೇಕಾ ಅಂತ ಅಲ್ಲಿ ಯೋಚನೆ ನಡೆದಿತ್ತು. ಆರು ವರ್ಷದ ಮಾತು ಕೇಳಿ ಬೇಡ ಅಂದರು. ದಿನಾ ತಗೊಳ್ಳುವವರಿಗೆ ಅದನ್ನು ಕೊಟ್ಟರೆ ಫಿಟ್ಸ್ ಬರಬಹುದು.

ಬೆಳಗಿನ ಜಾವ ಎಬಿಜಿಯಲ್ಲಿ ಕಾರ್ಬನ್ ಡೈಆಕ್ಸೈಡ್ 61 ಬಂತು. ಅಜ್ಜ ಕರೆದರೆ ಕಣ್ಣು ಬಿಡುತ್ತಿದ್ದರು.

ಡ್ಯೂಟಿ ಮುಗಿಯುವ ಹೊತ್ತಿಗೆ ಅಜ್ಜಿ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. 'ನಾ ಕೊಟ್ಟ ಗುಳಿಗಿಯಿಂದ ಹಿಂಗಾತೇನ್ರಿ?' ಅಂತ ಕೇಳಿದರು. ಅವರ ಕೈ ನಡುಗುತ್ತಿತ್ತು. ನಾನು ಕೇಸ್ ಶೀಟ್ ತೆಗೆದು ಮೊದಲ ಹಾಳೆ ನೋಡಿದೆ. ಮನೆಯಲ್ಲಿ ತೆಗೆದುಕೊಳ್ಳುವ ಔಷಧಿ ಅನ್ನುವ ಕಡೆ 'ಇಲ್ಲ' ಅಂತ ಬರೆದಿತ್ತು. ಎರಡು ದಿನದ ಹಿಂದೆ ಆ ರಾತ್ರಿ ಅವರನ್ನು ಅಡ್ಮಿಟ್ ಮಾಡಿಕೊಂಡವಳು ನಾನೇ. ಏದುಸಿರು ಬಿಡುತ್ತಿದ್ದ ಅಜ್ಜನನ್ನು ಒಂದು ಮಾತು ಕೇಳಿದ್ದೆ, ಅವರು ಸುಮ್ನೆ ತಲೆ ಅಲ್ಲಾಡಿಸಿದ್ದರು. ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ ಅಜ್ಜಿಯನ್ನು ಕೇಳಿರಲಿಲ್ಲ.

'ಇಲ್ಲ ಅಜ್ಜಿ, ನಾ ನಿಮ್ಮನ್ನ ಕೇಳಬೇಕಿತ್ತು' ಅಂದೆ. 'ಇಲ್ಲ' ಅಂತ ಬರೆದದ್ದನ್ನು ಒಂದು ಗೆರೆಯಿಂದ ಹೊಡೆದು, ಗುಳಿಗೆಯ ಹೆಸರು, ಎಷ್ಟು, ಯಾವಾಗಿನಿಂದ ಅಂತ ಬರೆದು, ತಾರೀಖು ಮತ್ತು ಟೈಮ್ ಹಾಕಿ ಕೆಳಗೆ ಸಹಿ ಮಾಡಿದೆ.